ಒಂದು ನಾಣ್ಯಕ್ಕೆ ಮೂರು ನೌಕೆ



ನಿನ್ನ ಫೋನಿನ ಆಟದಲ್ಲಿ ಜೀವ ಮುಗಿದರೆ ಕಾಯಬೇಕು, ಇಲ್ಲವೇ ದುಡ್ಡು ಕಟ್ಟಬೇಕು ಅಂದೆಯಲ್ಲ. ನಾನು ಅಮೆರಿಕದಲ್ಲಿ ಓದುತ್ತಿದ್ದಾಗ ನಾವೂ ಆಟಕ್ಕೆ ದುಡ್ಡು ಹಾಕುತ್ತಿದ್ದೆವು. ಆದರೆ ಆ ದುಡ್ಡಿನ ಲೆಕ್ಕವೇ ಬೇರೆ. ಅಟಾರಿ ಕಂಪನಿ 1979ರಲ್ಲಿ ತಂದ ‘ಆಸ್ಟೆರಾಯ್ಡ್ಸ್’ ಆಟವನ್ನೇ ಇಟ್ಟುಕೊಂಡು ಹೇಳುತ್ತೇನೆ, ಕೇಳು.

ಆಳೆತ್ತರದ ಪೆಟ್ಟಿಗೆ. ಕಪ್ಪು ಪರದೆಯ ಮೇಲೆ ಬೆಳಕಿನ ಗೆರೆಗಳಲ್ಲಿ ಮೂಡಿದ ಬಂಡೆಗಳು, ನಡುವೆ ನಿನ್ನ ನೌಕೆ. 25 ಸೆಂಟಿನ ನಾಣ್ಯ ಹಾಕಿದರೆ ಮೂರು ನೌಕೆ ಸಿಗುತ್ತಿದ್ದವು. ಅಂಗಡಿಯವನು ಒಳಗಿನ ಸ್ವಿಚ್ಚು ಬದಲಿಸಿದ್ದರೆ ನಾಲ್ಕು. ಶ್ರೀಮಂತನಿಗೂ ಅಷ್ಟೇ, ನಮಗೂ ಅಷ್ಟೇ. ಇನ್ನೊಂದು ನೌಕೆ ಬೇಕೆಂದರೆ 10,000 ಅಂಕ ಗಳಿಸಬೇಕಿತ್ತು.

ದೊಡ್ಡ ಬಂಡೆ ಒಡೆದರೆ 20 ಅಂಕ, ಸಣ್ಣ ಚೂರಿಗೆ 100. ಆಗಾಗ ಬರುವ ಪುಟ್ಟ ಹಾರುವ ತಟ್ಟೆಗೆ ಮಾತ್ರ 1,000. ಚುರುಕಾದ ಹುಡುಗರು ಇದನ್ನು ಬೇಗ ಹಿಡಿದರು. ಒಂದೇ ಒಂದು ಚೂರು ಬಂಡೆಯನ್ನು ಒಡೆಯದೆ ಬಿಟ್ಟು, ಪರದೆಯ ಅಂಚಿನಲ್ಲಿ ಹೊಂಚು ಹಾಕಿ ತಟ್ಟೆಗಳನ್ನೇ ಬೇಟೆಯಾಡುತ್ತಿದ್ದರು. ಆ ಪರದೆಯ ಎಡ ಅಂಚಿನಿಂದ ಹೊರಹೋದ ಗುಂಡು ಬಲ ಅಂಚಿನಿಂದ ಒಳಬರುತ್ತಿತ್ತು. ಆಟಗಾರನಿಗೆ ಅದು ಗೊತ್ತು. ತಟ್ಟೆಗೆ ಹಾಗೆ ಅಂಚು ದಾಟಿಸಿ ಗುರಿಯಿಡಲು ಬರುತ್ತಿರಲಿಲ್ಲ. ಹೀಗೆ ಪಳಗಿದವನು ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ಆಡಿದರೆ ಅಂಗಡಿಯವನ ಗಲ್ಲಾ ತುಂಬುವುದು ಹೇಗೆ? 1981ರ ‘ಆಸ್ಟೆರಾಯ್ಡ್ಸ್ ಡಿಲಕ್ಸ್’ನಲ್ಲಿ ತಟ್ಟೆಗೂ ಆ ವಿದ್ಯೆ ಕಲಿಸಿಬಿಟ್ಟರು. ಕಂಪನಿಗೆ ದುಡ್ಡು ಬೇಕಿದ್ದದ್ದು ಆಗಲೂ ನಿಜ. ಅದಕ್ಕಾಗಿ ಆಟವನ್ನು ಕಷ್ಟ ಮಾಡಿದರೇ ಹೊರತು ನೌಕೆಗಳನ್ನು ಮಾರಲಿಲ್ಲ.

ಗೆದ್ದವನು ಹೆಸರಿನ ಮೂರು ಅಕ್ಷರ ಬರೆಯುತ್ತಿದ್ದ. ಪಟ್ಟಿಯಲ್ಲಿ ಹತ್ತೇ ಜನಕ್ಕೆ ಜಾಗ. ಆ ಪಟ್ಟಿಯನ್ನೂ ಪೂರ್ತಿ ನಂಬುವಂತಿರಲಿಲ್ಲ, ಏಕೆಂದರೆ ಅಂಕ 99,990 ದಾಟಿದರೆ ಮತ್ತೆ ಸೊನ್ನೆಯಿಂದ ಶುರು. 1,05,000 ಗಳಿಸಿದವನಿಗೂ ಪರದೆ 5,000 ಎಂದೇ ತೋರಿಸುತ್ತಿತ್ತು. ಪಕ್ಕದಲ್ಲಿ ನಿಂತು ಆಟ ನೋಡಿದವರಿಗಷ್ಟೇ ನಿಜ ಗೊತ್ತು. ಕರೆಂಟು ಹೋದರೆ ಪಟ್ಟಿಯೇ ಅಳಿಸಿಹೋಗುತ್ತಿತ್ತು. ಅಂಕಗಳು ಉಳಿಯುವ ಏರ್ಪಾಡು ಬಂದದ್ದು ಡಿಲಕ್ಸ್‌ನಲ್ಲಿ, ಅದೂ ಮೊದಲ ಮೂರಕ್ಕೆ ಮಾತ್ರ.

ನಿನ್ನ ಆಟದ ಪಟ್ಟಿ ಲಕ್ಷಾಂತರ ಜನರದ್ದು, ಅಂಕ ಕಂಪನಿಯ ಸರ್ವರಿನಲ್ಲಿ ಭದ್ರ. ಅದು ಒಳ್ಳೆಯದೇ. ಆದರೆ ಆಟದ ನಡುವೆ ದುಡ್ಡು ಕೊಟ್ಟು ಜೀವ ಕೊಂಡವನೂ ಕೊಳ್ಳದವನೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ಈ ದಾರಿಯನ್ನು ಫೋನುಗಳೇ ತೆರೆಯಲಿಲ್ಲ, ಅದನ್ನೂ ಹೇಳಬೇಕು. 1985ರ ‘ಗಾಂಟ್ಲೆಟ್’ನಲ್ಲೇ ಆಟಗಾರನ ಆಯಸ್ಸು ಕ್ಷಣಕ್ಷಣಕ್ಕೂ ಕರಗುತ್ತಿತ್ತು, ನಾಣ್ಯ ಹಾಕಿದಷ್ಟೂ ಬೆಳೆಯುತ್ತಿತ್ತು.

ನಿನ್ನ ಪಟ್ಟಿಯ ಮೊದಲ ಹತ್ತು ಜನರಲ್ಲಿ ಯಾರು ದುಡ್ಡು ಕಟ್ಟಿ ಮೇಲೇರಿದರು ಎಂದು ಆಟ ಎಲ್ಲಾದರೂ ತೋರಿಸುತ್ತದೆಯೇ? ನೋಡಿ ಬರೆ.

ನಿನ್ನ ತಾತ