ಓಟಗಾರರನ್ನು ಮಾತನಾಡಿಸುವ ಬಗೆ

ಕಾಲೇಜು ಸಂಚಿಕೆಗಳಲ್ಲಿ ಅಚ್ಚಾಗುವ ಕ್ರೀಡಾಪಟುಗಳ ಸಂದರ್ಶನಗಳನ್ನು ಒಂದರ ಹಿಂದೊಂದರಂತೆ ಓದಿದ ವಾಚಕರಿಗೆ ಒಂದು ಸಂದೇಹ ಬಾರದಿರದು. ಈ ಹುಡುಗ ಹುಡುಗಿಯರೆಲ್ಲ ಒಬ್ಬರೇ ಇರಬಹುದೇ? ಕಬಡ್ಡಿಯವನಿಗೂ ಗೆದ್ದುದು ಸಂತೋಷ, ಖೊಖೊದವಳಿಗೂ ಸಂತೋಷ. ಎಲ್ಲರಿಗೂ ತಂದೆತಾಯಿಗಳ ಪ್ರೋತ್ಸಾಹವಿದೆ, ಗುರುಗಳ ಆಶೀರ್ವಾದವಿದೆ, ಮುಂದೆ ದೇಶಕ್ಕಾಗಿ ಆಡುವ ಆಸೆಯಿದೆ. ಹೆಸರು ಬದಲಿಸಿದರೆ ಕಳೆದ ವರ್ಷದ ಸಂದರ್ಶನ ಈ ವರ್ಷಕ್ಕೂ ನಡೆಯುತ್ತದೆ. ಇದಕ್ಕೆ ಆಟಗಾರರನ್ನು ದೂರುವವರುಂಟು. ‘ಓಡಲು ಬರುತ್ತದೆ, ಮಾತು ಬರುವುದಿಲ್ಲ’ ಎನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಮೈದಾನದಿಂದ ಮರಳುವಾಗ ಬಸ್ಸಿನಲ್ಲಿ ಅದೇ ಹುಡುಗಿಯರು ಆಡುವ ಮಾತಿಗೆ ಕೊನೆಯೇ ಇರುವುದಿಲ್ಲ. ಕೊರತೆ ಇರುವುದು ಪ್ರಶ್ನೆಯಲ್ಲಿ.

ಕನ್ನಡದಲ್ಲಿ ಈ ಕೊರತೆಯನ್ನು ಗುರುತಿಸುವುದು ಬಹು ಸುಲಭ. ಪ್ರಶ್ನೆಯ ಕೊನೆಯ ಅಕ್ಷರವನ್ನು ನೋಡಿದರೆ ಸಾಕು. ‘ಸಂತೋಷವಾಯಿತಾ?’, ‘ಕಷ್ಟವಾಯಿತಾ?’, ‘ಮನೆಯವರು ಒಪ್ಪಿದರಾ?’ ಈ ‘ಆ’ ಎಂಬ ಸ್ವರ ಬಂದು ಕುಳಿತ ಕೂಡಲೆ ಕೇಳಿದವರು ಉತ್ತರವನ್ನೂ ತಾವೇ ಹೇಳಿಬಿಟ್ಟಿರುತ್ತಾರೆ. ಎದುರಿಗಿದ್ದವರಿಗೆ ಉಳಿಯುವುದು ತಲೆಯಾಡಿಸುವ ಕೆಲಸ ಮಾತ್ರ. ಅದರಲ್ಲೂ ನಮ್ಮ ಕಡೆ ಹಿರಿಯರು ಕೇಳಿದುದಕ್ಕೆ ‘ಇಲ್ಲ’ ಎನ್ನುವುದು ಮರ್ಯಾದೆಯಲ್ಲವೆಂಬ ಭಾವನೆಯುಂಟು. ಹೀಗಾಗಿ ‘ಆ’ಕಾರಾಂತ ಪ್ರಶ್ನೆಗೆ ಬರುವ ‘ಹೌದ್ರಿ’ ಎಂಬುದು ಎಷ್ಟೋ ಸಲ ಸತ್ಯವೂ ಅಲ್ಲ, ಸುಳ್ಳೂ ಅಲ್ಲ, ಬರಿಯ ಸೌಜನ್ಯ.

ಇದಕ್ಕೆ ನಮ್ಮ ರಾಜ್ಯದ್ದೇ ಒಂದು ನಿದರ್ಶನ ಕೊಡುತ್ತೇನೆ. 2020ರ ಫೆಬ್ರುವರಿ 1ರಂದು ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರು. ಯಾರೋ ಅದನ್ನು ಭಾಗಿಸಿ, 100 ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ಹಾಕಿದರು. 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಓಡಿದ ವಿಶ್ವದಾಖಲೆ 9.58. ಸರಿ, ಇಪ್ಪತ್ತೆಂಟು ವರ್ಷದ ಆ ತರುಣನ ಮುಂದೆ ಎರಡೇ ಪ್ರಶ್ನೆಗಳು ಬಂದು ನಿಂತವು: ನೀವು ಬೋಲ್ಟನಿಗಿಂತ ವೇಗವೇ? ಕ್ರೀಡಾ ಪ್ರಾಧಿಕಾರದವರು ಕರೆದ ಪರೀಕ್ಷೆಗೆ ಹೋಗುವಿರಾ? ಎರಡೂ ಹೌದು-ಇಲ್ಲಗಳ ಪ್ರಶ್ನೆಗಳೇ. ಆದರೆ ಅವರು ಕೊಟ್ಟ ಕಾರಣದಲ್ಲಿ ಬೆಲೆಯುಳ್ಳ ಸಂಗತಿಯೊಂದಿತ್ತು. ಕಂಬಳದಲ್ಲಿ ಓಡುವಾಗ ಹಿಮ್ಮಡಿಗೆ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿಗೆ ಕೆಲಸ. ಕಂಬಳದ ಓಟ ಓಡಿಸುವವನದು ಮಾತ್ರವಲ್ಲ, ಕೋಣಗಳದೂ ಹೌದು ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಹಿಮ್ಮಡಿಯ ಈ ವಿಷಯ ಬೋಲ್ಟನ ಗದ್ದಲದಲ್ಲಿ ಬಹುಮಟ್ಟಿಗೆ ಮುಳುಗಿಹೋಯಿತು. ‘ಕೆಸರಿನಲ್ಲಿ ಹಿಮ್ಮಡಿಯೂರಿ ಓಡುವುದನ್ನು ಯಾರಿಂದ, ಹೇಗೆ ಕಲಿತಿರಿ? ಮೊದಲ ಸಲ ಹಗ್ಗ ಹಿಡಿದ ದಿನ ಏನಾಯಿತು?’ ಎಂದು ಅಲ್ಲಿಂದ ಮುಂದುವರಿದಿದ್ದರೆ ಬೇರೊಂದು ಸಂದರ್ಶನವೇ ನಮ್ಮ ಕೈಸೇರುತ್ತಿತ್ತು. ಓಟಗಾರನ ಕಥೆ ಇರುವುದು ಅವನ ಪಾದದ ಕೆಳಗೆ; ಹೋಲಿಕೆಯ ಪ್ರಶ್ನೆ ಅದನ್ನು ಗಡಿಯಾರದಲ್ಲಿ ಹುಡುಕುತ್ತದೆ.

ಇನ್ನು ನಮ್ಮ ದೇವದುರ್ಗಕ್ಕೆ ಬರೋಣ. ನಮ್ಮ ಬಿ.ಎ. ಮೊದಲ ವರ್ಷದ ತಂಗಿಯೊಬ್ಬಳು 1500 ಮೀಟರ್ ಓಟದಲ್ಲಿ ಮೊದಲು ಬಂದಳು. ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದಾಳಾದ್ದರಿಂದ ಓಟಗಾರ್ತಿ ಎಂದಷ್ಟೇ ಬರೆಯುತ್ತೇನೆ. ಓಟ ಮುಗಿದು ಎರಡು ನಿಮಿಷವಾಗಿರಲಿಲ್ಲ, ಮೊಬೈಲ್ ಹಿಡಿದ ಗೃಹಸ್ಥರೊಬ್ಬರು ಅವಳನ್ನು ಪ್ರಶ್ನಿಸತೊಡಗಿದರು. ‘ಗೆದ್ದದ್ದು ಖುಷಿ ಆಯ್ತಾ?’ ‘ಹೌದ್ರಿ.’ ‘ಮನೆಯಲ್ಲಿ ಪ್ರೋತ್ಸಾಹ ಇದೆಯಾ?’ ‘ಅದ ರೀ.’ ‘ದಿನಾ ಅಭ್ಯಾಸ ಮಾಡ್ತೀಯಾ, ಎಷ್ಟು ಹೊತ್ತು ಮಾಡ್ತೀಯ, ಮುಂದೆ ಒಲಿಂಪಿಕ್ಸಿಗೆ ಹೋಗೋ ಆಸೆ ಇದೆಯಾ?’ ಮೂರು ಪ್ರಶ್ನೆಗಳನ್ನು ಒಂದೇ ಉಸಿರಿಗೆ ಕೇಳಿದರೆ ಮನುಷ್ಯರು ಸುಲಭವಾದ ಒಂದಕ್ಕೆ ಮಾತ್ರ ಉತ್ತರಿಸುವರು. ಅವಳು ಕೊನೆಯದಕ್ಕೆ ‘ಹೌದ್ರಿ’ ಎಂದಳು. ಇಡೀ ಸಂದರ್ಶನವನ್ನು ಬಸ್ ಟಿಕೇಟಿನ ಬೆನ್ನ ಮೇಲೆ ಬರೆದುಕೊಳ್ಳಬಹುದಾಗಿತ್ತು.

ಸಂಚಿಕೆಯ ಪರವಾಗಿ ನಾನು ಅವಳನ್ನು ಕಂಡುದು ಮರುದಿನ, ಅದೇ ಮೈದಾನದ ಅಂಚಿನ ಬೇವಿನ ಮರದಡಿಯಲ್ಲಿ. ಸ್ಥಳವನ್ನು ಬೇಕೆಂದೇ ಆರಿಸಿದ್ದೆ. ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಅದು ಮೌಖಿಕ ಪರೀಕ್ಷೆಯಾಗುತ್ತದೆ. ಪಕ್ಕದಲ್ಲಿ ಹಿರಿಯರು ನಿಂತಿದ್ದರೆ ಉತ್ತರವನ್ನು ಅವರೇ ಹೇಳುತ್ತಾರೆ. ಓಡಿದ ನೆಲ ಕಣ್ಣೆದುರಿಗಿದ್ದರೆ ನೆನಪಿಗೆ ಬೆರಳು ತೋರಿಸಲು ಒಂದು ಜಾಗ ಸಿಗುತ್ತದೆ. ‘ಹೇಗನಿಸಿತು?’ ಎಂಬ ಪ್ರಶ್ನೆಯನ್ನು ನಾನು ಮೊದಲೇ ಕೈಬಿಟ್ಟಿದ್ದೆ. ಅದರಲ್ಲಿ ‘ಆ’ಕಾರವಿಲ್ಲ, ನಿಜ, ಆದರೆ ಅದಕ್ಕೂ ‘ಛಲೋ ಅನಸ್ತು’ ಎಂಬ ಒಂದೇ ಉತ್ತರ. ಭಾವನೆಯ ಹೆಸರನ್ನು ಕೇಳಬಾರದು, ನಡೆದುದನ್ನು ಕೇಳಬೇಕು; ಅದೂ ಒಂದು ಹೊತ್ತು, ಒಂದು ಜಾಗ ಹಿಡಿದು.

ಮೈದಾನ ಇನ್ನೂರು ಮೀಟರಿನ ಸುತ್ತಿನದು. ಆದುದರಿಂದ 1500 ಮೀಟರ್ ಎಂದರೆ ಏಳೂವರೆ ಸುತ್ತು. ನಾನು ಕೇಳಿದೆ: ‘ಏಳೂವರೆ ಸುತ್ತಿನಾಗ ಯಾವ ಸುತ್ತು ಭಾಳ ಉದ್ದ ಅನಸ್ತು?’

‘ಐದನೇದು ಅಕ್ಕಾ’ ಎಂದಳು. ಅಷ್ಟೇ. ಇಲ್ಲಿ ‘ಯಾಕೆ?’ ಎಂದು ಕೇಳುವ ಚಪಲ ಎಲ್ಲರಿಗೂ ಆಗುತ್ತದೆ. ಆದರೆ ಶಾಲೆಯಲ್ಲಿ ತಡವಾಗಿ ಬಂದಾಗ, ಮನೆಯಲ್ಲಿ ಕೊಡ ಒಡೆದಾಗ ನಾವು ಕೇಳುವ ಮಾತೂ ‘ಯಾಕೆ?’ ಎಂಬುದೇ. ಕಿರಿಯರಿಗೆ ಅದು ತಪ್ಪೊಪ್ಪಿಗೆಯ ಕರೆಯಂತೆ ಕೇಳಿಸುತ್ತದೆ. ಅದರ ಬದಲು, ‘ಐದನೇ ಸುತ್ತಿನಾಗ ನಿನ್ನ ಮುಂದ ಏನೇನು ಕಾಣ್ತಿತ್ತು?’ ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಈ ಸುಮ್ಮನಿರುವಿಕೆ ಕಠಿಣವಾದ ಕೆಲಸ. ಮನಸ್ಸಿನಲ್ಲಿ ಹತ್ತು ಎಣಿಸುವುದು ಒಂದು ಉಪಾಯ. ಏಳನೆಯದಕ್ಕೋ ಎಂಟನೆಯದಕ್ಕೋ ಅವಳು ತೊಡಗಿದಳು. ‘ಮುಂದ ಓಡಾಕಿ ಹಿಮ್ಮಡ ಅಷ್ಟೇ ಕಾಣ್ತಿತ್ತು ಅಕ್ಕಾ. ಆಕಿ ಉಸಿರು ಜೋರಾಗಿ ಕೇಳಾಕ ಹತ್ತಿತ್ತು. ನಲ್ಲಿ ಹತ್ರ ತಿರುವು ಅದಲ್ಲ, ಅಲ್ಲಿ ಆಕಿ ಒಳಗಿಂದ ಹೋಗಾಕಿ, ನಾ ಹೊರಗಿಂದ. ಪ್ರತಿ ಸುತ್ತಿಗೂ ಎರಡು ಹೆಜ್ಜಿ ಹಿಂದ ಬೀಳ್ತಿದ್ದೆ.’

ಓಟದಲ್ಲಿ ಎಲ್ಲರೂ ಒಳಅಂಚನ್ನು ಹಿಡಿಯುತ್ತಾರೆ, ದೂರ ಕಡಮೆಯಾಗಲೆಂದು. ಇವಳು ಬೇಕೆಂದೇ ಹೊರಗೆ ಹೋದಳೆಂದರೆ ಅಲ್ಲಿ ಏನೋ ಇದೆ. ಈ ಘಟ್ಟದಲ್ಲಿ ನನ್ನ ಬರೆದಿಟ್ಟ ಪಟ್ಟಿಯಲ್ಲಿದ್ದ ಮುಂದಿನ ಪ್ರಶ್ನೆಯನ್ನು ಬಿಟ್ಟು ಅವಳ ಮಾತನ್ನೇ ಅವಳಿಗೆ ಮರಳಿಸಿದೆ: ‘ಹೊರಗಿಂದ?’

‘ಅಲ್ಲಿ ನೆಲ ಮೆತ್ತಗಿತ್ತು ಅಕ್ಕಾ. ಹಿಂದಿನ ದಿನ ಸಂಜಿಮುಂದ ಬರಿಗಾಲಲೆ ನಡದು ನೋಡಿದ್ದೆ. ಹೊಲಕ್ಕ ನೀರು ಬಿಟ್ಟಾಗ ಯಾವ ಸಾಲು ಕುಡದಾದ, ಯಾವುದು ಕುಡದಿಲ್ಲ ಅಂತ ಕಾಲಿಗೆ ತಿಳೀತದಲ್ಲ, ಹಂಗ. ಕಪ್ಪು ಮಣ್ಣು ಮ್ಯಾಲೆ ಒಣಗಿದಂಗ ಕಾಣ್ತದ, ಒಳಗ ಹಸಿ ಇರ್ತದ. ಆಮ್ಯಾಲೆ ಆರನೇ ಸುತ್ತಿಗೆ ಆಕಿ ಅಲ್ಲೇ ಜಾರಿದ್ಲು.’

ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿಯುವ ಸೀಮೆಯಲ್ಲಿ ಹುಟ್ಟಿದ ಪಾದ ಹೇಳಬಹುದಾದ ಮಾತು ಇದು. ‘ಖುಷಿ ಆಯ್ತಾ?’ ಎಂಬ ಪ್ರಶ್ನೆಯನ್ನು ನೂರು ಸಲ ಕೇಳಿದರೂ ಈ ನಲ್ಲಿಯ ತಿರುವು ಹೊರಬರುತ್ತಿರಲಿಲ್ಲ. ನಾನು ಮಾಡಿದ್ದು ಹೆಚ್ಚೇನೂ ಇಲ್ಲ: ಒಂದು ಸುತ್ತನ್ನು ಆರಿಸಿಕೊಳ್ಳುವಂತೆ ಕೇಳಿದೆ, ಆ ಸುತ್ತಿನಲ್ಲಿ ಕಂಡುದನ್ನು ಕೇಳಿದೆ, ಅವಳ ಒಂದು ಪದವನ್ನು ಹಿಂದಿರುಗಿಸಿದೆ. ಕೆನಡಾದ ಪತ್ರಕರ್ತ ಜಾನ್ ಸವಾಟ್‌ಸ್ಕಿ ಎಂಬವರು ಅಮೆರಿಕದ ಇ.ಎಸ್.ಪಿ.ಎನ್. ಕ್ರೀಡಾವಾಹಿನಿಯ ವರದಿಗಾರರಿಗೆ ಪ್ರಶ್ನಿಸುವ ಕಲೆಯನ್ನೇ ಪಾಠ ಹೇಳಿದವರು. ಪ್ರಶ್ನೆ ಚಿಕ್ಕದಾಗಿರಲಿ, ಒಂದು ಸಲಕ್ಕೆ ಒಂದೇ ಇರಲಿ, ಅದರೊಳಗೆ ನಿಮ್ಮ ಅಭಿಪ್ರಾಯವನ್ನು ಬೆರೆಸಬೇಡಿ ಎಂಬುದು ಅವರ ಬೋಧನೆಯ ತಿರುಳು. ‘ಎಂಥ ಅದ್ಭುತ ಓಟ! ಕೊನೆಯಲ್ಲಿ ಛಲ ಬಂತಲ್ಲವೇ?’ ಎಂದರೆ ಅದ್ಭುತವೂ ಛಲವೂ ಕೇಳಿದವರ ಸೊತ್ತು. ಓಟಗಾರ್ತಿ ಅದನ್ನು ವಿನಯದಿಂದ ತಗ್ಗಿಸುವಳು, ಇಲ್ಲವೆ ಒಪ್ಪಿ ಸುಮ್ಮನಾಗುವಳು.

ಹಾಗೆಂದು ಹೌದು-ಇಲ್ಲಗಳ ಪ್ರಶ್ನೆಯನ್ನು ಗಡೀಪಾರು ಮಾಡಬೇಕಿಲ್ಲ. ಅದರ ಸ್ಥಾನ ಕೊನೆಯಲ್ಲಿ. ಕಥೆ ಹೇಳಿದವರ ನೆನಪು ಕಾಲಿಗೆ ತಾಕಿದುದನ್ನು, ಕಿವಿಗೆ ಬಿದ್ದುದನ್ನು ಚೆನ್ನಾಗಿ ಹಿಡಿದಿಡುತ್ತದೆ. ಸಂಖ್ಯೆಯನ್ನು ಹಾಗೆ ಹಿಡಿಯುವುದಿಲ್ಲ. ಅವಳು ಆರನೆಯ ಸುತ್ತೆಂದಳು. ಅಂದು ಸುತ್ತು ಎಣಿಸುತ್ತಿದ್ದ ವಿದ್ಯಾರ್ಥಿಯನ್ನು ವಿಚಾರಿಸಿದಾಗ ಜಾರಿದುದು ಏಳನೆಯದರಲ್ಲಿ ಎಂದು ತಿಳಿಯಿತು. ಮತ್ತೆ ಅವಳ ಬಳಿಗೆ ಹೋಗಿ, ‘ಆಕಿ ಜಾರಿದ ಮ್ಯಾಲೆ ಪೂರಾ ಒಂದು ಸುತ್ತು ಉಳಿದಿತ್ತಾ?’ ಎಂದು ‘ಆ’ಕಾರದಲ್ಲೇ ಕೇಳಿದೆ. ‘ಇಲ್ಲಕ್ಕಾ, ಆಮ್ಯಾಲೆ ಅರ್ಧ ಸುತ್ತಿನ ಗಂಟಿ ಹೊಡದ್ರು’ ಎಂದಳು. ಅಲ್ಲಿಗೆ ಏಳನೆಯದೇ ಸರಿ ಎಂದಾಯಿತು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಬಾಗಿಲು ತೆರೆಯುವ ಪ್ರಶ್ನೆ ಎಲ್ಲ ಬಾಗಿಲುಗಳನ್ನೂ ತೆರೆಯುತ್ತದೆ. ‘ಓಟದ ದಿನ ಎದ್ದಾಗಿನಿಂದ ಏನೇನಾತು?’ ಎಂದು ಕೇಳಿದಾಗ ನೀರು ತುಂಬಿದ್ದು, ಬಸ್ಸಿನಲ್ಲಿ ನಿಂತೇ ಬಂದದ್ದು ಎಲ್ಲ ಬಂತು. ಅದರ ಜೊತೆಗೆ ಮನೆಯ ಒಂದು ಸಂಗತಿಯೂ ಬಂತು. ಕೆಲವರು ಇಂಥದಕ್ಕಾಗಿಯೇ ಕಾದಿದ್ದು, ಬಡತನದ ಒಂದು ಹನಿ ಕಣ್ಣೀರು ಸಿಕ್ಕಿದರೆ ಬರಹ ಗೆದ್ದಿತೆಂದು ಭಾವಿಸುತ್ತಾರೆ. ಬರೆದುದನ್ನು ಅವಳಿಗೆ ಗಟ್ಟಿಯಾಗಿ ಓದಿ ಕೇಳಿಸಿದೆ. ಆ ಸಂಗತಿ ಬಂದಾಗ ‘ಇದು ಬ್ಯಾಡಕ್ಕಾ’ ಎಂದಳು, ಹೊಡೆದುಹಾಕಿದೆ. ಹದಿನೆಂಟು ತುಂಬದ ಶಾಲಾಮಕ್ಕಳಾದರೆ ಹೀಗೆ ಓದಿ ಕೇಳಿಸುವುದರ ಜೊತೆಗೆ ಮನೆಯವರ ಒಪ್ಪಿಗೆಯನ್ನು ಮೊದಲೇ ಪಡೆಯತಕ್ಕದ್ದು.

ಪುಸ್ತಕ ಮಡಿಸುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ. ಎಲ್ಲ ಆಟಗಾರರಿಗೂ ಅದು ಸಲ್ಲುತ್ತದೆ. ‘ಇಷ್ಟು ಮಂದಿ ನಿನ್ನ ಮಾತಾಡಿಸಿದ್ರಲ್ಲ, ಯಾರೂ ಕೇಳಲಾರದ್ದು ಏನು ಉಳೀತು?’ ಎಂದೆ. ಅವಳು ನಲ್ಲಿಯ ತಿರುವಿನ ಕಡೆ ನೋಡಿದಳು.

‘ಜಾರಿ ಬಿದ್ದಾಕಿಗೆ ಮೊಣಕಾಲು ಕೆತ್ತಿತ್ತು ಅಕ್ಕಾ. ಆದ್ರೂ ಎದ್ದು ಎರಡನೇದಾಕಿಯಾಗಿ ಬಂದ್ಲು. ಆಕೀನ್ನ ಯಾರೂ ಏನೂ ಕೇಳ್ಲಿಲ್ಲ.’

ಆ ಹುಡುಗಿಯ ಊರು ಯಾವುದೆಂದು ಕೇಳಿ ಬರೆದುಕೊಂಡಿದ್ದೇನೆ. ಬರುವ ಭಾನುವಾರದ ಬಸ್ಸಿಗೆ ಅಲ್ಲಿಗೆ ಹೋಗುವುದಿದೆ. ಪಟ್ಟಿಯಲ್ಲಿ ಸದ್ಯಕ್ಕೆ ಒಂದೇ ಪ್ರಶ್ನೆಯಿದೆ: ಬಿದ್ದಲ್ಲಿಂದ ತಲೆಯೆತ್ತಿದಾಗ ಮೊದಲು ಏನು ಕಾಣಿಸಿತು?