ಬಾಡಿಗೆಗೆ ಹದಿನೈದು ದಿನ ಟೈಮ್ ಕೇಳುವ ಮೆಸೇಜು

ಯೂನಿಫಾರ್ಮ್ ಹೊಲಿಯುವವರಿಗೆ ಜುಲೈ ಮೊದಲ ವಾರ ವಿಚಿತ್ರವಾದ ವಾರ. ಮೇ ತಿಂಗಳಿಡೀ ಹಗಲು ರಾತ್ರಿ ಕೆಲಸ ಮಾಡಿ, ಶಾಲೆ ಶುರುವಾಗುವ ಹೊತ್ತಿಗೆ ಮಾಲು ತಲುಪಿಸಿ, ಬಿಲ್ಲೂ ಕೊಟ್ಟಾಗಿರುತ್ತದೆ. ಲೆಕ್ಕದ ಪುಸ್ತಕ ನೋಡಿದರೆ ವರ್ಷದಲ್ಲೇ ಒಳ್ಳೆಯ ವ್ಯಾಪಾರ, ಬ್ಯಾಂಕ್ ಖಾತೆ ನೋಡಿದರೆ ಬಾಡಿಗೆಗೂ ಸಾಲದು. ಆ ವಾರದಲ್ಲಿ ಅಂಗಡಿ ಮಾಲೀಕರಿಗೆ ಹೋಗುವ ವಾಟ್ಸಾಪ್ ಮೆಸೇಜು ಸಾಮಾನ್ಯವಾಗಿ ಹೀಗಿರುತ್ತದೆ: ‘ಸರ್, ಪಾರ್ಟಿ ಪೇಮೆಂಟ್ ಬಂದಿಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಬಂದ ತಕ್ಷಣ ಕೊಡ್ತೀನಿ.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದಿದ ಮಾಲೀಕರಿಗೆ ಇದರಿಂದ ತಿಳಿಯುವುದೂ ಏನಿಲ್ಲ. ಎಷ್ಟು ದುಡ್ಡು, ಯಾವ ತಾರೀಕು? ಪಾರ್ಟಿ ಕೊಡದೇ ಹೋದರೆ ಏನು ಕಥೆ?

ತುಮಕೂರಿನಂಥ ಊರಿನಲ್ಲಿ ಎರಡು ಹೊಲಿಗೆಯಾಳುಗಳನ್ನಿಟ್ಟುಕೊಂಡಿರುವ ಒಂದು ಟೈಲರಿಂಗ್ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬಾಡಿಗೆ ತಿಂಗಳಿಗೆ 24,000 ರೂಪಾಯಿ, ಮರುತಿಂಗಳ 5ನೇ ತಾರೀಕಿನೊಳಗೆ ಕೊಡಬೇಕೆಂದು ಕರಾರು. ಮಾಲೀಕರು ಅದೇ ಕಟ್ಟಡದ ಮೇಲಿನ ಮನೆಯಲ್ಲಿರುವ ವಯಸ್ಸಾದ ಹೆಂಗಸು. ಇವತ್ತು ಜುಲೈ 2. ಖಾತೆಯಲ್ಲಿರುವುದು 27,000. ಶಾಲೆಯೊಂದರಿಂದ 68,000 ಬರಬೇಕು. ಜೂನ್ 10ಕ್ಕೆ ಬಟ್ಟೆ ಮತ್ತು ಬಿಲ್ಲು ಎರಡೂ ಕೊಟ್ಟಾಗಿದೆ, ‘ಹತ್ತನೇ ತಾರೀಕಿಗೆ ಚೆಕ್ ಆಗುತ್ತೆ’ ಎಂದು ಅಲ್ಲಿನ ಗುಮಾಸ್ತರು ಹೇಳಿದ್ದಾರೆ. ನರ್ಸಿಂಗ್ ಹೋಮ್ ಒಂದರಿಂದ 15,000 ಬರಬೇಕು. ಅವರು ಪ್ರತಿಸಲವೂ 15ನೇ ತಾರೀಕಿನ ಆಸುಪಾಸಿಗೆ ಹಾಕುವವರು, ತಪ್ಪಿಸಿದ್ದಿಲ್ಲ.

ಖಾತೆಯಲ್ಲಿ 27,000 ಇದೆಯಲ್ಲ, ಬಾಡಿಗೆ ಕೊಟ್ಟುಬಿಡಬಹುದಲ್ಲ ಅನ್ನಿಸಬಹುದು. ಕೊಟ್ಟರೆ ಶನಿವಾರದ ಬಟವಾಡೆಗೆ ದುಡ್ಡಿಲ್ಲ. ಕೈಕೆಲಸ ಬಲ್ಲವರನ್ನು ಒಂದು ಶನಿವಾರ ಬರಿಗೈಲಿ ಕಳಿಸಿದರೆ ಸೋಮವಾರ ಅವರು ಬೇರೆ ಅಂಗಡಿಯ ಮೆಷಿನ್ ಮುಂದೆ ಕೂತಿರುತ್ತಾರೆ. 20ನೇ ತಾರೀಕಿನೊಳಗೆ ಮೂರು ಶನಿವಾರ, ವಾರಕ್ಕೆ 5,000ದಂತೆ 15,000. ಕರೆಂಟ್ ಬಿಲ್ 2,500. ಉಳಿಯುವುದು 9,500. ಪ್ಯಾಂಟ್ ಗಿಡ್ಡ ಮಾಡುವುದು, ಜಿಪ್ ಹಾಕುವುದು ಮುಂತಾದ ಚಿಲ್ಲರೆ ಕೆಲಸದಿಂದ ಬರುವುದು ದಾರ, ಗುಂಡಿ, ಮನೆಖರ್ಚಿಗೆ ಸರಿಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. 9,500ದಲ್ಲಿ 1,500 ಕೈಯಲ್ಲಿಟ್ಟುಕೊಂಡು 8,000ವನ್ನು 5ನೇ ತಾರೀಕಿಗೇ ಕೊಡಬಹುದು. ಬಾಕಿ ಉಳಿಯುವುದು 16,000.

ಇನ್ನು ತಾರೀಕು. ಇಲ್ಲೇ ಹೆಚ್ಚಿನವರು ಎಡವುವುದು. ಶಾಲೆಯವರು ಹತ್ತು ಎಂದರೆ ಮಾಲೀಕರಿಗೂ ಹತ್ತು ಎಂದುಬಿಡುತ್ತಾರೆ. ಸೆಕ್ರೆಟರಿ ಊರಲ್ಲಿಲ್ಲ, ಸಹಿ ಆಗಿಲ್ಲ, ಚೆಕ್ ಪಾಸಾಗಿಲ್ಲ ಅನ್ನುತ್ತ ಹತ್ತು ಹದಿನಾರಾಗುತ್ತದೆ. ಆಮೇಲೆ ಎರಡನೇ ಸಲ ಟೈಮ್ ಕೇಳಬೇಕು. ಮೊದಲ ಸಲ ಕೇಳಿದ್ದನ್ನು ಮಾಲೀಕರು ಮರೆಯಬಹುದು, ಎರಡನೇ ಸಲದ್ದನ್ನು ಕರಾರು ನವೀಕರಿಸುವಾಗ ಖಂಡಿತ ನೆನಪಿಸಿಕೊಳ್ಳುತ್ತಾರೆ. ಶಾಲೆಯ ದುಡ್ಡು ಬರಲೇ ಇಲ್ಲ ಅಂದುಕೊಂಡರೂ ನಿಲ್ಲುವಂಥ ತಾರೀಕು ಬೇಕು. ನರ್ಸಿಂಗ್ ಹೋಮಿನ 15,000 ಮತ್ತು ಕೈಯಲ್ಲಿಟ್ಟುಕೊಂಡ 1,500 ಸೇರಿದರೆ 16,500. ಅದು ಒಂದೆರಡು ದಿನ ತಡವಾಗಿ ಬಂದರೂ 20ಕ್ಕೆ ಕೊಡಬಹುದು. ಹಾಗಾಗಿ ಕೇಳಬೇಕಾದ್ದು 20.

ಈಗ ಮೆಸೇಜು ಬರೆಯುವುದು ಸುಲಭ:

‘ಅಮ್ಮಾ, ನಮಸ್ಕಾರ. ಜೂನ್ ತಿಂಗಳ ಬಾಡಿಗೆ 24,000ದಲ್ಲಿ 8,000ವನ್ನು 5ನೇ ತಾರೀಕಿಗೇ ನಿಮ್ಮ ಖಾತೆಗೆ ಹಾಕ್ತೀನಿ. ಉಳಿದ 16,000ಕ್ಕೆ ಜುಲೈ 20ರವರೆಗೆ ಟೈಮ್ ಬೇಕಿತ್ತು. ಜೂನ್ 10ಕ್ಕೆ ಕೊಟ್ಟ ಸ್ಕೂಲ್ ಯೂನಿಫಾರ್ಮಿನ ದುಡ್ಡು ಇನ್ನೂ ಬಂದಿಲ್ಲ. ಜುಲೈ ಬಾಡಿಗೆ ಎಂದಿನಂತೆ ಆಗಸ್ಟ್ 5ಕ್ಕೇ ಕೊಡ್ತೀನಿ. ಅಷ್ಟರೊಳಗೆ ನಿಮಗೆ ಏನಾದ್ರೂ ಕಟ್ಟೋದಿದ್ರೆ ಹೇಳಿ, ಸಂಜೆ ಮೇಲೆ ಬಂದು ಮಾತಾಡ್ತೀನಿ.’

ಕೊನೆಯ ವಾಕ್ಯ ಬರೀ ಮರ್ಯಾದೆಗಲ್ಲ. ಬಾಡಿಗೆಯಲ್ಲೇ ಸಂಸಾರ ನಡೆಸುವ ಮಾಲೀಕರು ಬಹಳ ಮಂದಿ ಇದ್ದಾರೆ. ಆಕೆಗೆ ಹತ್ತನೇ ತಾರೀಕಿಗೆ 12,000 ಚೀಟಿ ಕಟ್ಟುವುದಿದ್ದರೆ 8,000 ಸಾಲುವುದಿಲ್ಲ, ಇನ್ನೊಂದು 4,000ವನ್ನು ಎಲ್ಲಿಂದಲಾದರೂ ಹೊಂದಿಸಿಕೊಟ್ಟರೆ ಆಕೆಯ ತೊಂದರೆ ತಪ್ಪುತ್ತದೆ, ಮಿಕ್ಕದ್ದಕ್ಕೆ ಆಕೆಯೂ ಕಾಯಬಲ್ಲರು. ಇದು 2ನೇ ತಾರೀಕಿಗೆ ಗೊತ್ತಾದರೆ ಉಪಯೋಗ. 6ನೇ ತಾರೀಕು ಆಕೆಯೇ ಫೋನ್ ಮಾಡಿದ ಮೇಲೆ ಹೇಳಿದರೆ ಅದೇ ಮಾತು ನೆಪದಂತೆ ಕೇಳಿಸುತ್ತದೆ.

ಮೆಸೇಜಿನಲ್ಲಿ ಬರೆಯಬಾರದ ಮಾತೊಂದಿದೆ: ‘ಅಡ್ವಾನ್ಸಲ್ಲಿ ಮುರ್ಕೊಳ್ಳಿ.’ ಬಾಡಿಗೆದಾರನಿಗೆ ಅದು ತನ್ನದೇ ದುಡ್ಡು. ಮಾಲೀಕರಿಗೆ ಅದು ಕೊನೆಯ ಕಾಲದ ಬಾಕಿ, ಕರೆಂಟ್ ಬಿಲ್ಲು, ಸುಣ್ಣಬಣ್ಣಕ್ಕೆಂದು ಇರುವ ಭದ್ರತೆ, ಎಷ್ಟೋ ಸಲ ಆಗಲೇ ಖರ್ಚಾಗಿಹೋದ ಹಣ. ಅಡ್ವಾನ್ಸಿನ ಸುದ್ದಿ ಎತ್ತುವವರು ಅಂಗಡಿ ಖಾಲಿ ಮಾಡುವವರು ಎಂಬುದು ಅವರ ಅನುಭವ. ಹದಿನೈದು ದಿನದ ವಿಷಯಕ್ಕೆ ಆ ಭಯ ಹುಟ್ಟಿಸುವುದು ಯಾಕೆ?

ಮೆಸೇಜು ಕಾಗದಪತ್ರವೂ ಹೌದು. 16,000 ಬಾಕಿ ಇದೆ ಎಂದು ಬಾಡಿಗೆದಾರ ತಾನೇ ಬರೆದುಕೊಟ್ಟಂತಾಗುವುದರಿಂದ ಅಂಕಿ ಸರಿಯಾಗಿರಬೇಕು. ಮಾಲೀಕರ ಉತ್ತರವೂ ಬರವಣಿಗೆಯಲ್ಲೇ ಇದ್ದರೆ ಒಳ್ಳೆಯದು. ಮೆಟ್ಟಿಲ ಹತ್ತಿರ ‘ಆಯ್ತು ಬಿಡಪ್ಪ’ ಅಂದಿದ್ದರೆ, ‘20ರವರೆಗೆ ಒಪ್ಪಿದ್ದಕ್ಕೆ ಥ್ಯಾಂಕ್ಸ್ ಅಮ್ಮ’ ಎಂದು ಒಂದು ಸಾಲು ಕಳಿಸಿದರೆ ಸಾಕು. ಹದಿನಾಲ್ಕು ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆಗೆ ಬರುವುದಿಲ್ಲ. ಅಲ್ಲಿ ನಡೆಯುವುದು ಕರಾರುಪತ್ರ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಕರಾರಿನಲ್ಲಿ ತಡವಾದರೆ ಬಡ್ಡಿ ಅಥವಾ ದಂಡ ಎಂದಿದೆಯೇ ಎಂದು ನೋಡಿಕೊಂಡು, ಇದ್ದರೆ ಅದನ್ನೂ ಕೇಳುವಾಗಲೇ ಮಾತಾಡಿ ಮುಗಿಸಬೇಕು. ಕೊಡುವಾಗ ಯುಪಿಐ ಟಿಪ್ಪಣಿಯಲ್ಲಿ ‘ಜೂನ್ ಬಾಡಿಗೆ, ಭಾಗ 1’ ಎಂದು ಹಾಕಿದರೆ ಆಮೇಲೆ ಯಾವ ತಿಂಗಳದ್ದೆಂಬ ಗೊಂದಲ ಇರುವುದಿಲ್ಲ.

ಮಾಲೀಕರ ಹತ್ತಿರ ಮಾತಾಡಿ ಮುಗಿದ ಮೇಲೆ ಶಾಲೆಯ ಕಡೆಗೂ ತಿರುಗಬೇಕು. ಅಂಗಡಿ ಉದ್ಯಮ್ ನೋಂದಣಿ ಮಾಡಿಸಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಬೆಂಬಲಕ್ಕಿದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ ಮಾಲು ಒಪ್ಪಿಕೊಂಡ 15 ದಿನದಲ್ಲಿ ದುಡ್ಡು ಕೊಡಬೇಕು, ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ ಚಕ್ರಬಡ್ಡಿ. ನಮ್ಮ ಉದಾಹರಣೆಯಲ್ಲಿ ಒಪ್ಪಂದ ಬಾಯಿಮಾತಿನದ್ದಾದರೆ ಜೂನ್ 25ಕ್ಕೇ ಗಡುವು ಮುಗಿದಿದೆ, 45 ದಿನ ಎಂದು ಬರೆದುಕೊಟ್ಟಿದ್ದರೆ ಜುಲೈ 25ರವರೆಗೆ ಶಾಲೆ ತಡಮಾಡಿದಂತೆಯೇ ಅಲ್ಲ. ಮುಂದಿನ ವರ್ಷದ ಆರ್ಡರೂ ಬೇಕಾದ ಟೈಲರ್ ಈ ಬಡ್ಡಿ ಕೇಳುವುದು ಅಪರೂಪ, ಅದು ಅರ್ಥವಾಗುವಂಥದ್ದೇ. ಆದರೆ ಬಿಲ್ಲಿನ ಕೆಳಗೆ ಉದ್ಯಮ್ ನಂಬರನ್ನೂ ಕೊಡಬೇಕಾದ ತಾರೀಕನ್ನೂ ಅಚ್ಚು ಹಾಕಿಸಲು ಯಾರ ದಾಕ್ಷಿಣ್ಯವೂ ಬೇಕಿಲ್ಲ.

ನರ್ಸಿಂಗ್ ಹೋಮಿನ ದುಡ್ಡು 16ಕ್ಕೆ ಬಂದರೆ 20ರವರೆಗೆ ಕಾಯದೆ ಅವತ್ತೇ ಬಾಡಿಗೆ ಕಳಿಸಿಬಿಡಬೇಕು. ಆದರೆ ಆಗಸ್ಟ್, ಸೆಪ್ಟೆಂಬರಿನಲ್ಲೂ ಇದೇ ಮೆಸೇಜು ಕಳಿಸುವ ಪರಿಸ್ಥಿತಿ ಬಂದರೆ ಆಗ ತಡವಾಗುತ್ತಿರುವುದು ಗಿರಾಕಿಯ ದುಡ್ಡಲ್ಲ, ಅಂಗಡಿಯ ದುಡಿಮೆಯೇ ಆ ಬಾಡಿಗೆಗೆ ಸಾಲುತ್ತಿಲ್ಲ. ಅದಕ್ಕೆ ಟೈಮ್ ಕೇಳಿ ಪ್ರಯೋಜನವಿಲ್ಲ, ಬಾಡಿಗೆ ಇಳಿಸುವ ಮಾತೋ ಚಿಕ್ಕ ಜಾಗದ ಮಾತೋ ಆಡಬೇಕು. ಜೂನ್ ಬಾಡಿಗೆಗೆ ಮಾತ್ರ ಪ್ರತಿವರ್ಷ ಹೀಗಾಗುತ್ತದೆ ಎಂದಾದರೆ ಉಪಾಯ ಸುಲಭ. ಹನ್ನೊಂದು ತಿಂಗಳ ಕರಾರು ನವೀಕರಿಸುವಾಗ ‘ಜೂನ್ ತಿಂಗಳ ಬಾಡಿಗೆಯನ್ನು ಜುಲೈ 20ರೊಳಗೆ ಕೊಡತಕ್ಕದ್ದು’ ಎಂದು ಒಂದು ಸಾಲು ಸೇರಿಸಲು ಮಾಲೀಕರನ್ನು ಕೇಳಬಹುದು.