ಮೇಸ್ತ್ರಿ ಕಟ್ಟಿದ ಮನೆಗೊಂದು ನಕ್ಷೆ

ಮನೆ ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದ ಮೇಲೆ ಬರುವ ಫೋನುಗಳಲ್ಲಿ ಕೇಳುವುದು ಹೆಚ್ಚುಕಮ್ಮಿ ಒಂದೇ ಥರದ ಪ್ರಶ್ನೆಗಳು. ಹಾಲ್ ಎಷ್ಟು ಉದ್ದ? ಬಚ್ಚಲಿಗೆ ಒಳಗಿನಿಂದಲೇ ಹೋಗಬಹುದಾ, ಹಿತ್ತಲಿಗೆ ಇಳಿಯಬೇಕಾ? ಅಡುಗೆಮನೆ ಯಾವ ಮೂಲೆಗಿದೆ? ಹತ್ತು ಫೋಟೋ ಹಾಕಿದರೂ ಇವಕ್ಕೆ ಉತ್ತರ ಸಿಗುವುದಿಲ್ಲ. ಮೊಬೈಲಿನ ಅಗಲ ಲೆನ್ಸಿನಲ್ಲಿ ತೆಗೆದ ಫೋಟೋದಲ್ಲಿ ಎಂಟಡಿಯ ಕೋಣೆಯೂ ಹಜಾರದಂತೆ ಕಾಣುತ್ತದೆ. ಉತ್ತರ ಕೊಡುವುದು ನಕ್ಷೆ. ಆದರೆ ನಮ್ಮ ಊರುಗಳ ಹಳೆಯ ಮನೆಗಳಲ್ಲಿ ಹೆಚ್ಚಿನವಕ್ಕೆ ನಕ್ಷೆಯೇ ಇಲ್ಲ. ಯಜಮಾನರು ಹೇಳಿದರು, ಮೇಸ್ತ್ರಿ ಸೈಟಿನ ಮೇಲೆ ಸುಣ್ಣದಲ್ಲಿ ಗೆರೆ ಎಳೆದ, ಪಾಯ ತೋಡಿದರು. ಅಲ್ಲಿಗೆ ನಕ್ಷೆಯ ಕೆಲಸ ಮುಗಿಯಿತು.

ಅಂಥ ಮನೆಯ ನಕ್ಷೆಯನ್ನು ಮನೆಯವರೇ ಬರೆದುಕೊಳ್ಳಬಹುದು. ಬೇಕಾದದ್ದು ಒಂದು ಉಕ್ಕಿನ ಟೇಪು, ಹೊರಗೋಡೆ ಅಳೆಯಲು 50 ಅಡಿಯ ಉದ್ದ ಟೇಪು, ಗ್ರಾಫ್ ಹಾಳೆ, ಪೆನ್ಸಿಲ್ಲು ಮತ್ತು ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು. ಉಕ್ಕಿನ ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಸಡಿಲವಾಗಿದೆ ಎಂದು ಅದನ್ನು ಬಡಿದು ಬಿಗಿ ಮಾಡಬೇಡಿ. ಗೋಡೆಗೆ ಒತ್ತಿ ಅಳೆದಾಗಲೂ ಅಂಚಿಗೆ ಸಿಕ್ಕಿಸಿ ಎಳೆದಾಗಲೂ ಕೊಕ್ಕೆಯ ದಪ್ಪ ಲೆಕ್ಕ ಕೆಡಿಸದಿರಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ.

ನಮ್ಮ ಚಿಕ್ಕಪ್ಪನವರು ಮೈಸೂರಿನ ತಮ್ಮ ಹಳೆಯ ಮನೆಯನ್ನು ಮಾರಲು ಹೊರಟಾಗ ನಾವಿಬ್ಬರೂ ಸೇರಿ ಅದನ್ನು ಅಳೆದೆವು. 30x40 ಸೈಟು, ಪೂರ್ವಕ್ಕೆ ಬಾಗಿಲು. ದಕ್ಷಿಣದ ಸಾಲಿನಲ್ಲಿ ಹಾಲ್, ನಡುಮನೆ, ಅಡುಗೆಮನೆ. ಉತ್ತರದ ಸಾಲಿನಲ್ಲಿ ಎರಡು ರೂಮು, ಅವುಗಳ ಹಿಂದೆ ಬಚ್ಚಲು. ಬಚ್ಚಲಿನ ಬಾಗಿಲು ಹಿತ್ತಲಿಗೆ.

ಟೇಪು ಬಿಚ್ಚುವ ಮೊದಲು ಕೈಬರಹದ ಕಚ್ಚಾ ಚಿತ್ರ ಬರೆಯಬೇಕು. ಅದಕ್ಕೆ ಅಳತೆ ಬೇಡ, ಗೆರೆ ಸೊಟ್ಟಗಿದ್ದರೂ ಆದೀತು. ಆದರೆ ಪುಟದ ತುಂಬ ದೊಡ್ಡದಾಗಿರಲಿ, ಪ್ರತಿ ಬಾಗಿಲು, ಕಿಟಕಿ, ಗೋಡೆ ಬೀರು ಅದರಲ್ಲಿ ಇರಲಿ. ಅಳತೆಗಳನ್ನೆಲ್ಲ ಈ ಚಿತ್ರದ ಮೇಲೆಯೇ ಬರೆಯುತ್ತ ಹೋಗುವುದು. ಬೇರೆ ಹಾಳೆಯಲ್ಲಿ ಪಟ್ಟಿ ಮಾಡಿದರೆ ಸಂಜೆ ಕೂತು ನೋಡುವಾಗ ಯಾವ ಅಂಕಿ ಯಾವ ಗೋಡೆಯದು ಎಂದು ನೆನಪಾಗುವುದಿಲ್ಲ.

ಒಂದು ಗೋಡೆಯನ್ನು ಅಳೆಯುವಾಗ ಟೇಪಿನ ತುದಿಯನ್ನು ಮೂಲೆಗೆ ಹಿಡಿದು, ಅದನ್ನು ಕದಲಿಸದೆ ಗೋಡೆಯುದ್ದಕ್ಕೂ ಓದುತ್ತ ಹೋಗಿ. ಕಿಟಕಿ ಶುರುವಾಗುವುದು 3 ಅಡಿ 2 ಇಂಚಿಗೆ, ಮುಗಿಯುವುದು 7 ಅಡಿ 2ಕ್ಕೆ, ಆಚೆ ಮೂಲೆ 12 ಅಡಿಗೆ, ಹೀಗೆ. ಮೂಲೆಯಿಂದ ಕಿಟಕಿಗೆ ಒಮ್ಮೆ, ಕಿಟಕಿಯ ಅಗಲ ಇನ್ನೊಮ್ಮೆ, ಅಲ್ಲಿಂದ ಮುಂದಕ್ಕೆ ಮತ್ತೊಮ್ಮೆ ಎಂದು ತುಂಡು ತುಂಡಾಗಿ ಅಳೆದರೆ ಪ್ರತಿ ತುಂಡಿನ ಕಾಲಿಂಚು ಅರ್ಧ ಇಂಚಿನ ತಪ್ಪು ಕೂಡುತ್ತ ಹೋಗುತ್ತದೆ. ಟೇಪನ್ನು ನೆಲದಿಂದ ಮೂರು ನಾಲ್ಕು ಅಡಿ ಎತ್ತರದಲ್ಲಿ ಹಿಡಿಯಿರಿ. ನೆಲದ ಬಳಿ ಸ್ಕರ್ಟಿಂಗ್ ಅಡ್ಡ ಬರುತ್ತದೆ. ಅಲ್ಲದೆ ನಕ್ಷೆ ಎಂದರೆ ಮನೆಯನ್ನು ಸುಮಾರು ನಾಲ್ಕಡಿ ಎತ್ತರದಲ್ಲಿ ಅಡ್ಡಕ್ಕೆ ಕೊಯ್ದು ಮೇಲಿನಿಂದ ನೋಡಿದ ಚಿತ್ರ. ಕಿಟಕಿಗಳು ಅದರಲ್ಲಿ ಕಾಣುವುದು ಅದರಿಂದಲೇ.

ಹಳೆಯ ಮನೆಗಳಲ್ಲಿ ರೂಮುಗಳು ಮೂಲೆಮಟ್ಟಕ್ಕೆ ಇರುವುದಿಲ್ಲ ಎಂಬ ಹೆದರಿಕೆ ಅನೇಕರಿಗೆ. ಪರೀಕ್ಷೆ ಸುಲಭ: ಎದುರುಬದುರು ಮೂಲೆಗಳ ನಡುವೆ ಎರಡು ಕರ್ಣಗಳನ್ನೂ ಅಳೆಯಿರಿ. ಎರಡೂ ಸಮವಿದ್ದು, ಎದುರುಬದುರು ಗೋಡೆಗಳೂ ಸಮವಿದ್ದರೆ ರೂಮು ಮಟ್ಟವಾಗಿದೆ. ಚಿಕ್ಕಪ್ಪನವರ ಮುಂದಿನ ರೂಮಿನಲ್ಲಿ ಕರ್ಣಗಳ ನಡುವೆ ನಾಲ್ಕಿಂಚು ವ್ಯತ್ಯಾಸ ಬಂತು. ಹನ್ನೆರಡಡಿಯ ರೂಮಿಗೆ ಅದು ಸುಮಾರು ಮೂರಿಂಚಿನ ಓರೆ. ಜಾಹೀರಾತಿನ ಜೊತೆ ಹಾಕುವ ನಕ್ಷೆಯಲ್ಲಿ ಅದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಅಷ್ಟನ್ನು ಬಿಟ್ಟು ಚೌಕವಾಗಿಯೇ ಬರೆಯುವುದು ನನ್ನ ಅಭಿಪ್ರಾಯದಲ್ಲಿ ತಪ್ಪಲ್ಲ. ಓರೆ ಅರ್ಧ ಅಡಿ ದಾಟಿದರೆ ಮಾತ್ರ ಕೈವಾರ ಹಿಡಿದು, ಗೋಡೆಯ ಉದ್ದ ಮತ್ತು ಕರ್ಣಗಳಿಂದ ಮೂಲೆಗಳನ್ನು ಗುರುತಿಸಿ, ಇದ್ದ ಹಾಗೆ ತೋರಿಸಬೇಕು. ಮಂಚ, ಬೀರು ಇಡುವವರಿಗೆ ಅಷ್ಟು ಓರೆ ಲೆಕ್ಕಕ್ಕೆ ಬರುತ್ತದೆ.

ನಕ್ಷೆ ಕೆಡುವುದು ಹೆಚ್ಚಾಗಿ ಗೋಡೆಯ ದಪ್ಪದಲ್ಲಿ. ಒಳ ಅಳತೆಗಳನ್ನು ಮಾತ್ರ ತೆಗೆದುಕೊಂಡು ರೂಮಿಗೆ ರೂಮು ಅಂಟಿಸಿ ಬರೆದರೆ, ಕೊನೆಯ ರೂಮು ಇರಬೇಕಾದ ಜಾಗಕ್ಕಿಂತ ಮೂರಡಿ ಮುಂದಕ್ಕೆ ಬಂದು ಕೂರುತ್ತದೆ. ಗೋಡೆಯ ದಪ್ಪವನ್ನು ಬಾಗಿಲ ಬಳಿ ಅಳೆಯಬಹುದು. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಎರಡೂ ಕಡೆ ಗಾರೆ ಸೇರಿ ಹತ್ತಿಂಚು ಆಗುತ್ತದೆ. ನಾಲ್ಕೂವರೆ ಇಂಚಿನ ಅಡ್ಡಗೋಡೆ ಐದೂವರೆ. ಮಣ್ಣಿನ ಗೋಡೆಯಾದರೆ ಒಂದೂವರೆ ಅಡಿಯೂ ಇದ್ದೀತು.

ದಪ್ಪ ಸರಿಯಾಗಿ ಹಿಡಿದಿದ್ದೇವೆಯೇ ಎಂದು ತಿಳಿಯಲು ಒಂದೇ ದಾರಿ. ಮನೆಯನ್ನು ಹೊರಗಿನಿಂದಲೂ ಅಳೆದು ಎರಡನ್ನೂ ತಾಳೆ ನೋಡುವುದು. ಚಿಕ್ಕಪ್ಪನವರ ಮನೆ ಹೊರಗಿನಿಂದ ಮುಂದಿನ ಗೋಡೆಯಿಂದ ಹಿಂದಿನ ಗೋಡೆಯವರೆಗೆ ಎರಡೂ ಪಕ್ಕದಲ್ಲಿ 35 ಅಡಿ 7 ಇಂಚು. ದಕ್ಷಿಣದ ಸಾಲನ್ನು ಕೂಡಿದೆವು: ಹಾಲ್ 14 ಅಡಿ 2, ನಡುಮನೆ 10 ಅಡಿ 4, ಅಡುಗೆಮನೆ 8 ಅಡಿ 1. ಅದಕ್ಕೆ ಹತ್ತಿಂಚಿನ ಮೂರು ಗೋಡೆ, ಐದೂವರೆಯದು ಒಂದು. ಒಟ್ಟು 35 ಅಡಿ ಆರೂವರೆ ಇಂಚು. ಅರ್ಧ ಇಂಚು ವ್ಯತ್ಯಾಸ, ಸರಿ.

ಉತ್ತರದ ಸಾಲು ಮಾತ್ರ ತಾಳೆಯಾಗಲಿಲ್ಲ. ರೂಮುಗಳು 12 ಅಡಿ ಮತ್ತು 11 ಅಡಿ 3, ಬಚ್ಚಲು 8 ಅಡಿ 1, ಹತ್ತಿಂಚಿನ ನಾಲ್ಕು ಗೋಡೆ, ಒಟ್ಟು 34 ಅಡಿ 8. ಹನ್ನೊಂದು ಇಂಚು ಎಲ್ಲೋ ಕಾಣೆ.

ಇಂಥ ಹೊತ್ತಲ್ಲಿ ಕೊರತೆ ಎಷ್ಟು ಎಂಬುದೇ ಸುಳಿವು. ಸರಿಯಾಗಿ ಒಂದು ಅಡಿ ಕಮ್ಮಿ ಬಂದರೆ ಟೇಪು ಓದಿದ್ದರಲ್ಲೋ ಬರೆದುಕೊಂಡಿದ್ದರಲ್ಲೋ ತಪ್ಪಾಗಿರುತ್ತದೆ. ಹತ್ತು ಹನ್ನೊಂದು ಇಂಚು ಕಮ್ಮಿ ಬಂದರೆ ಒಂದು ಗೋಡೆ ಲೆಕ್ಕದಿಂದ ಬಿಟ್ಟುಹೋಗಿದೆ ಎಂದು ಅನುಮಾನಿಸಬೇಕು. ಇಲ್ಲಿ ಹಿಂದಿನ ರೂಮಿಗೂ ಬಚ್ಚಲಿಗೂ ನಡುವೆ ಬಾಗಿಲಿಲ್ಲ, ಹಾಗಾಗಿ ಆ ಗೋಡೆಯ ದಪ್ಪವನ್ನು ನಾವು ಕಣ್ಣಾರೆ ಅಳೆದಿರಲಿಲ್ಲ, ಉಳಿದವುಗಳಂತೆ ಹತ್ತು ಎಂದುಕೊಂಡಿದ್ದೆವು. ಹೊರಗೆ ಹೋಗಿ ನೋಡಿದರೆ ಆ ಜಾಗದಲ್ಲಿ ಗಾರೆಯ ಮೇಲೆ ನೆಲದಿಂದ ಸೂರಿನವರೆಗೆ ನೇರವಾದ ಒಂದು ಬಿರುಕು. ಆಮೇಲೆ ಚಿಕ್ಕಪ್ಪ ಹೇಳಿದರು: "ಹೌದಪ್ಪ, ಬಚ್ಚಲು ಆಮೇಲೆ ಕಟ್ಟಿಸಿದ್ದು. ಮೊದಲು ಹಿತ್ತಲಲ್ಲೇ ತಗಡಿನ ಮರೆ ಇತ್ತು." ಹೊಸ ಬಚ್ಚಲಿಗೆ ಮೇಸ್ತ್ರಿ ಹಳೆಯ ಗೋಡೆಗೆ ಒತ್ತಿ ತನ್ನದೇ ಇನ್ನೊಂದು ಗೋಡೆ ಎಬ್ಬಿಸಿದ್ದ. ಎರಡೂ ಸೇರಿ 21 ಇಂಚು. ಲೆಕ್ಕ ಕೂಡಿತು. ಕೊಳ್ಳುವವರಿಗೂ ಇದು ತಿಳಿಯಬೇಕಾದ ಸಂಗತಿಯೇ: ಆ ರೂಮಿನಿಂದ ಬಚ್ಚಲಿಗೆ ಬಾಗಿಲು ಇಡಿಸಬೇಕೆಂದರೆ ಒಡೆಯಬೇಕಾದದ್ದು ಎರಡು ಗೋಡೆ.

ತಾಳೆಯಾದ ಮೇಲೆಯೇ ಗ್ರಾಫ್ ಹಾಳೆಗೆ ಕೈ ಹಾಕಿ. ಎರಡಡಿಗೆ ಒಂದು ಸೆಂಟಿಮೀಟರ್, ಅಂದರೆ ಒಂದಡಿಗೆ ಐದು ಮಿಲಿಮೀಟರ್ ಹಿಡಿದರೆ 30x40 ಸೈಟು 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದಕ್ಕೆ ಬಂದು ಎ4 ಹಾಳೆಯಲ್ಲಿ ಆರಾಮವಾಗಿ ಕೂರುತ್ತದೆ. ಮೊದಲು ಹೊರಗಿನ ಚೌಕ, ಆಮೇಲೆ ಒಳಗೋಡೆಗಳು, ಕಡೆಗೆ ಬಾಗಿಲು ಕಿಟಕಿ. ಗೋಡೆಗಳನ್ನು ಕಪ್ಪಾಗಿ ತುಂಬಿ. ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಕಾಲುವೃತ್ತದ ಗೆರೆಯಲ್ಲಿ ತೋರಿಸಿ. ನೆಲ ಮೆಟ್ಟಿಲಿಳಿಯುವ ಕಡೆ ಗೆರೆ ಹಾಕಿ "ಒಂದು ಮೆಟ್ಟಿಲು ಕೆಳಗೆ" ಎಂದು ಬರೆಯಿರಿ. ವಯಸ್ಸಾದವರಿರುವ ಮನೆಯವರು ಅದನ್ನು ಹುಡುಕುತ್ತಾರೆ. ಪ್ರತಿ ರೂಮಿನೊಳಗೆ ಅದರ ಹೆಸರು, ಒಳ ಅಳತೆ. ಮೊಬೈಲಿನಲ್ಲಿ ಹಿಗ್ಗಿಸದೆ ಓದುವಷ್ಟು ಅಕ್ಷರ ದೊಡ್ಡದಿರಲಿ.

ದಿಕ್ಕನ್ನು ಗುರುತಿಸದ ನಕ್ಷೆಯನ್ನು ನಮ್ಮಲ್ಲಿ ಯಾರೂ ಮೆಚ್ಚುವುದಿಲ್ಲ. ಮೊಬೈಲಿನ ದಿಕ್ಸೂಚಿಯನ್ನು ಕಿಟಕಿಯ ಕಬ್ಬಿಣದ ಸರಳುಗಳ ಹತ್ತಿರವೋ ಗೇಟಿನ ಹತ್ತಿರವೋ ಹಿಡಿದರೆ ಅದು ದಾರಿ ತಪ್ಪುತ್ತದೆ. ನಿಂತ ವಾಹನಗಳಿಂದ ದೂರ, ಬೀದಿಯ ನಡುವೆ ನಿಂತು ನೋಡಿ, ಕ್ರಯಪತ್ರದ ಚಕ್ಕುಬಂದಿಯಲ್ಲಿ ರಸ್ತೆ ಯಾವ ಕಡೆಗಿದೆ ಎಂದು ಬರೆದಿದೆಯೋ ಅದರೊಡನೆ ಹೋಲಿಸಿ.

ಅಳತೆಗೋಲನ್ನು "1 ಸೆಂ.ಮೀ. = 2 ಅಡಿ" ಎಂದು ಬರೆದು ಬಿಟ್ಟರೆ ಪ್ರಯೋಜನವಿಲ್ಲ, ಫೋನಿನ ಪರದೆಯಲ್ಲಿ ಚಿತ್ರ ಹಿಗ್ಗಿ ಕುಗ್ಗುತ್ತದೆ. ಮೂಲೆಯಲ್ಲಿ ಹತ್ತಡಿ ಉದ್ದದ ಒಂದು ಗೆರೆ ಎಳೆದು ಅದರ ಮೇಲೆ "10 ಅಡಿ" ಎಂದು ಬರೆಯಿರಿ. ಚಿತ್ರದ ಜೊತೆ ಅದೂ ಹಿಗ್ಗಿ ಕುಗ್ಗುತ್ತದೆ. ಪೆನ್ಸಿಲ್ ಗೆರೆಗಳ ಮೇಲೆ ಕಪ್ಪು ಪೆನ್ನಾಡಿಸಿ, ಹಾಳೆಯನ್ನು ಸ್ಕ್ಯಾನ್ ಮಾಡಿ. ಮೊಬೈಲಿನಲ್ಲಿ ಓರೆಯಾಗಿ ಫೋಟೋ ತೆಗೆದರೆ ಚೌಕದ ಮನೆ ಒಂದು ಕಡೆ ಕಿರಿದಾಗಿ ಕಾಣುತ್ತದೆ.

ಇನ್ನು ಚದರದ ಲೆಕ್ಕ. ಚಿಕ್ಕಪ್ಪನವರ ಮೊದಲ ಜಾಹೀರಾತಿನಲ್ಲಿ "ಹನ್ನೆರಡು ಚದರದ ಮನೆ" ಎಂದಿತ್ತು. ಹನ್ನೆರಡು ಚದರ, ಅಂದರೆ 1200 ಚದರಡಿ, ಸೈಟಿನದು. ಮನೆ ಹೊರ ಅಳತೆಯಲ್ಲಿ 35 ಅಡಿ 7 ಇಂಚು ಉದ್ದ, 25 ಅಡಿ 3 ಇಂಚು ಅಗಲ. ಗುಣಿಸುವಾಗ ಇಂಚನ್ನು ಹನ್ನೆರಡರಿಂದ ಭಾಗಿಸಿಕೊಳ್ಳಬೇಕು: 35.58 ಗುಣಿಸು 25.25, ಸುಮಾರು 898 ಚದರಡಿ. ಇದು ಬಿಲ್ಟ್‌ಅಪ್ ಏರಿಯಾ, ಒಂಬತ್ತು ಚದರಕ್ಕೆ ಕೂದಲೆಳೆ ಕಮ್ಮಿ. ಇಂಚನ್ನು ಹಾಗೆಯೇ ಚುಕ್ಕಿಯ ಮುಂದೆ ಬರೆಯುವವರು ಬಹಳ. 8 ಅಡಿ 11 ಇಂಚು 8.11 ಅಲ್ಲ, 8.92. ಅಲ್ಲಿ ಮುಕ್ಕಾಲಡಿಗೂ ಹೆಚ್ಚು ಕಳೆದುಹೋಗುತ್ತದೆ. ಕಾರ್ಪೆಟ್ ಏರಿಯಾ ಕೇಳುವವರಿಗೂ ಉತ್ತರ ಇರಲಿ. 2016ರ ರೇರಾ ಕಾಯ್ದೆಯ ವ್ಯಾಖ್ಯೆಯಲ್ಲಿ ಹೊರಗೋಡೆಗಳನ್ನು ಬಿಡಬೇಕು, ಒಳಗಿನ ಅಡ್ಡಗೋಡೆಗಳನ್ನು ಸೇರಿಸಬೇಕು. ಹಾಗೆ ಲೆಕ್ಕ ಹಾಕಿದರೆ ಈ ಮನೆಗೆ ಬರುವುದು ಸುಮಾರು 800 ಚದರಡಿ. ಮೂರೂ ಅಂಕಿಗಳನ್ನು, ಯಾವುದು ಯಾವುದೆಂದು ಹೇಳಿ, ಜಾಹೀರಾತಿನಲ್ಲಿ ಬರೆದೆವು. ಮನೆ ನೋಡಲು ಬಂದವರು ಟೇಪು ಹಿಡಿದು ಅಳೆದರೂ ಅದೇ ಅಂಕಿ ಬರುವಂತಿದ್ದರೆ ಬೆಲೆಯ ಮಾತು ಅಲ್ಲಿಂದಲೇ ನೇರವಾಗುತ್ತದೆ.

ನಕ್ಷೆಯ ಕೆಳಗೆ ಅಳೆದ ತಾರೀಖು ಹಾಕಿ, "ಮನೆಯವರು ಅಳೆದು ಬರೆದದ್ದು, ಮಂಜೂರಾದ ನಕ್ಷೆಯಲ್ಲ" ಎಂದು ಸ್ಪಷ್ಟವಾಗಿ ಬರೆಯಿರಿ. ಬ್ಯಾಂಕಿನ ಸಾಲಕ್ಕೆ, ಕಟ್ಟಡದ ಪರವಾನಗಿಗೆ ಇದು ನಡೆಯುವುದಿಲ್ಲ. ಕಾಂಪೌಂಡ್ ಗೋಡೆ ಸರಿಯಾಗಿ ಸೈಟಿನ ಗಡಿಯ ಮೇಲೆಯೇ ಇದೆ ಎಂದು ಟೇಪು ಹೇಳಲಾರದು. ಸೈಟಿನ ಅಳತೆಯನ್ನು ಮಾತ್ರ ಅಳೆದು ಬರೆಯಬೇಡಿ, ಕ್ರಯಪತ್ರದಲ್ಲಿರುವುದನ್ನೇ ಬರೆಯಿರಿ.